ಸಸ್ಯರೋಗಶಾಸ್ತ್ರ ಪತ್ರಿಕೆಯನ್ನು ಸಿಒ ಮಾದರಿಗೆ ತರುವ ಕೆಲಸ: ಎಲ್ಲಿಯವರೆಗೆ ಬಂತು

ಕೈಯಲ್ಲಿರುವುದು ಬಿ.ಎಸ್ಸಿ. ಸಸ್ಯಶಾಸ್ತ್ರದ ಒಂದು ಪತ್ರಿಕೆ. ನಾಲ್ಕು ಘಟಕ, 56 ಗಂಟೆ, ಅಂತಿಮ ಪರೀಕ್ಷೆಗೆ 80 ಅಂಕ, ಆಂತರಿಕಕ್ಕೆ 20. ಮೊದಲ ಘಟಕ ರೋಗಲಕ್ಷಣ ಮತ್ತು ಕೋಕ್ ನಿಯಮಗಳು, ಎರಡನೆಯದು ರೋಗಚಕ್ರ, ಮೂರನೆಯದು ಅಡಿಕೆ ಕೊಳೆರೋಗ, ಭತ್ತದ ಬೆಂಕಿರೋಗ, ಕಾಳುಮೆಣಸಿನ ಸೊರಗುರೋಗದಂಥ ನಮ್ಮ ಸೀಮೆಯ ರೋಗಗಳು, ನಾಲ್ಕನೆಯದು ನಿಯಂತ್ರಣ. ಅಧ್ಯಯನ ಮಂಡಳಿಯ ಮುಂದಿನ ಸಭೆಗೆ ಕರಡು ಒಪ್ಪಿಸಬೇಕು.

ಮೊದಲ ವಾರ: ಕ್ರಿಯಾಪದಗಳು

ಹಳೆಯ ಪಠ್ಯಕ್ರಮದಲ್ಲಿ ಉದ್ದೇಶ ಎಂದು ಇದ್ದದ್ದು ಒಂದೇ ಸಾಲು: 'ಸಸ್ಯರೋಗಗಳ ಬಗ್ಗೆ ವಿದ್ಯಾರ್ಥಿಗಳಲ್ಲಿ ಅರಿವು ಮೂಡಿಸುವುದು.' ಅರಿವು ಮೂಡಿತೋ ಇಲ್ಲವೋ ಎಂದು ಉತ್ತರಪತ್ರಿಕೆ ನೋಡಿ ಹೇಳಲಾಗದು. ಜೊತೆಗೆ ಅದು ಮೇಷ್ಟ್ರ ಕೆಲಸವನ್ನು ಹೇಳುತ್ತದೆ, ವಿದ್ಯಾರ್ಥಿಯದನ್ನಲ್ಲ. ಸಿಒ ಎಂದರೆ ಕೋರ್ಸ್ ಔಟ್‌ಕಮ್, ಪತ್ರಿಕೆ ಮುಗಿದ ಮೇಲೆ ವಿದ್ಯಾರ್ಥಿ ಏನು ಮಾಡಿ ತೋರಿಸುತ್ತಾನೆ ಎನ್ನುವುದು. ಕಲಿಕೆಯನ್ನು ನೆನಪಿನಿಂದ ಸೃಷ್ಟಿಯವರೆಗೆ ಜೋಡಿಸುವ, 2001ರಲ್ಲಿ ಪರಿಷ್ಕರಿಸಿದ ಬ್ಲೂಮ್ ಶ್ರೇಣಿಯ ಆರು ಮೆಟ್ಟಿಲುಗಳನ್ನು ಪಕ್ಕಕ್ಕಿಟ್ಟುಕೊಂಡು ಐದು ಸಿಒ ಬರೆದೆವು.

ಸಿಒ1: ಕೊಟ್ಟ ಪ್ರಯೋಗದ ವಿವರ ಓದಿ, ಕೋಕ್ ನಿಯಮಗಳಲ್ಲಿ ಯಾವುದು ಪೂರೈಸಿಲ್ಲ ಎಂದು ವಿವರಿಸುವುದು.
ಸಿಒ2: ರೋಗಚಕ್ರದ ಪ್ರತಿ ಹಂತಕ್ಕೆ ಹವಾಮಾನದ ಸಂಬಂಧ ವಿವರಿಸುವುದು.
ಸಿಒ3: ಲಕ್ಷಣ ಮತ್ತು ಸೂಕ್ಷ್ಮದರ್ಶಕದ ಚಿತ್ರದಿಂದ ರೋಗಗಳನ್ನು ಪ್ರತ್ಯೇಕಿಸುವುದು.
ಸಿಒ4: ಶಿಲೀಂಧ್ರನಾಶಕದ ಪ್ರಮಾಣ ಲೆಕ್ಕ ಹಾಕಿ, ತಯಾರಿಯಲ್ಲಿನ ದೋಷ ಸರಿಪಡಿಸುವುದು.
ಸಿಒ5: ಒಂದು ತೋಟಕ್ಕೆ ನಿಯಂತ್ರಣ ಕ್ರಮ ಆಯ್ದು ಸಮರ್ಥಿಸುವುದು.

ಒಂದು ಸಿಒಗೆ ಒಂದೇ ಮುಖ್ಯ ಕೆಲಸವಿದ್ದರೆ ಒಳ್ಳೆಯದು. ಸಿಒ4ರಲ್ಲಿ ಎರಡಿವೆ. ಆದರೆ ತೋಟದಲ್ಲಿ ಅವೆರಡೂ ಒಟ್ಟಿಗೇ ನಡೆಯುವುದರಿಂದ ಬೇಕೆಂದೇ ಹಾಗೆ ಬಿಟ್ಟಿದ್ದೇವೆ.

ಎರಡನೇ ವಾರ: ಹಳೆಯ ಪ್ರಶ್ನೆಪತ್ರಿಕೆಗೆ ಸಿಒ ಹಚ್ಚಿದಾಗ

ಘಟಕಕ್ಕೆ ಸಿಒ ಹೊಂದಿಸುವುದು ಒಂದು ಮಧ್ಯಾಹ್ನದ ಕೆಲಸ. ನಿಜವಾದ ತೊಡಕು ಪ್ರಶ್ನೆಪತ್ರಿಕೆಯಲ್ಲಿ ಸಿಕ್ಕಿತು. ಹಳೆಯ ವಿನ್ಯಾಸ ಎಲ್ಲರಿಗೂ ಗೊತ್ತಿರುವಂಥದ್ದೇ: 2 ಅಂಕದ 12ರಲ್ಲಿ 10, 5 ಅಂಕದ 8ರಲ್ಲಿ 6, 10 ಅಂಕದ 5ರಲ್ಲಿ 3. ಅಚ್ಚಾಗುವುದು 114 ಅಂಕಕ್ಕೆ, ಬರೆಯುವುದು 80ಕ್ಕೆ. ಹಿಂದಿನ ಪ್ರಶ್ನೆಪತ್ರಿಕೆಯೊಂದರ ಪ್ರತಿ ಪ್ರಶ್ನೆಯ ಮುಂದೆ ಸಿಒ ಬರೆದು ಕೂಡಿದೆವು. ಸಿಒ1ಕ್ಕೆ 37, ಸಿಒ2ಕ್ಕೆ 43, ಸಿಒ3 ಮತ್ತು ಸಿಒ4ಕ್ಕೆ ತಲಾ 17, ಸಿಒ5ಕ್ಕೆ ಸೊನ್ನೆ.

37 ಮತ್ತು 43 ಕೂಡಿದರೆ 80. ಪ್ರತಿ ಭಾಗದಲ್ಲೂ ಆ ಎರಡು ಸಿಒಗಳ ಪ್ರಶ್ನೆಗಳೇ ಬೇಕಾದಷ್ಟಿದ್ದವು. ಅಂದರೆ ಕೊನೆಯ ಎರಡು ಘಟಕಗಳ ಒಂದು ಪುಟವನ್ನೂ ತೆರೆಯದ ವಿದ್ಯಾರ್ಥಿಗೆ 80ಕ್ಕೆ 80 ಬರುವ ದಾರಿ ಇತ್ತು. ಪಠ್ಯಕ್ರಮದ ಕಾಗದದಲ್ಲಿ ಸಿಒ ಎಷ್ಟು ಚೆನ್ನಾಗಿ ಬರೆದರೂ ಈ ಆಯ್ಕೆ ಪದ್ಧತಿ ಅದನ್ನು ಸುಳ್ಳು ಮಾಡುತ್ತದೆ. ಸಿಒ ಬರೆಯುವ ಮೊದಲು ಈ ಕೂಡುವ ಲೆಕ್ಕ ಮಾಡಬೇಕಿತ್ತು ಎಂಬುದೇ ನಮ್ಮ ಅಭಿಪ್ರಾಯ.

ಪರಿಹಾರ: ಆಯ್ಕೆ ಇರಲಿ, ಆದರೆ ಒಂದೇ ಸಿಒ ಒಳಗೆ, ಒಂದೇ ಮೆಟ್ಟಿಲಿನಲ್ಲಿ. 2 ಅಂಕದ ಹತ್ತೂ ಪ್ರಶ್ನೆ ಕಡ್ಡಾಯ. 5 ಮತ್ತು 10 ಅಂಕದವಕ್ಕೆ 'ಅಥವಾ' ಪ್ರಶ್ನೆ.

| | ಸಿಒ1 | ಸಿಒ2 | ಸಿಒ3 | ಸಿಒ4 | ಸಿಒ5 |
|---|---|---|---|---|---|
| 2 ಅಂಕದವು | 6 | 6 | 4 | 4 | – |
| 5 ಅಂಕದವು | 10 | 5 | 10 | 5 | – |
| 10 ಅಂಕದವು | – | 10 | 10 | 10 | – |
| ಕಿರುಪರೀಕ್ಷೆ | 5 | 5 | – | – | – |
| ತೋಟದ ವರದಿ | – | – | – | – | 10 |
| ಒಟ್ಟು | 21 | 26 | 24 | 19 | 10 |

ಮೂರನೇ ವಾರ: ಒಂದು ಪ್ರಶ್ನೆಯ ರಿಪೇರಿ

ಸಿಒ4ರ ಎದುರು ಇದ್ದ ಹಳೆಯ ಪ್ರಶ್ನೆ: 'ಬೋರ್ಡೋ ದ್ರಾವಣದ ಬಗ್ಗೆ ಟಿಪ್ಪಣಿ ಬರೆಯಿರಿ.' ವಿಷಯ ಸಿಒ4ರದ್ದೇ, ಆದರೆ ಕೇಳುತ್ತಿರುವುದು ನೆನಪನ್ನು. ವಿಷಯ ಹೊಂದಿದರೆ ಸಾಕು ಎಂದು ಸಿಒ ಹಚ್ಚಿಬಿಡುವುದೇ ಎಲ್ಲ ಕಡೆ ಆಗುವ ತಪ್ಪು. ಪ್ರಶ್ನೆಯ ಕ್ರಿಯಾಪದ ಮತ್ತು ಸಿಒದ ಕ್ರಿಯಾಪದ ಒಂದೇ ಮೆಟ್ಟಿಲಲ್ಲಿದೆಯೇ ಎಂದು ನೋಡಬೇಕು. ಬದಲಿಸಿದ ರೂಪ ಹೀಗಿದೆ:

'ಒಂದು ತೋಟಕ್ಕೆ ಶೇ. 1ರ ಬೋರ್ಡೋ ದ್ರಾವಣ 200 ಲೀಟರ್ ಬೇಕು. ಮೈಲುತುತ್ತ, ಸುಣ್ಣ ಎಷ್ಟೆಷ್ಟು? ಬೆರೆಸುವ ಕ್ರಮ ಬರೆಯಿರಿ. ಬೆರೆಸಿದ ಮೇಲೆ ಉಜ್ಜಿ ಹೊಳಪು ಬಂದ ಕಬ್ಬಿಣದ ಚಾಕು ಅದ್ದಿದಾಗ ಅಲಗಿನ ಮೇಲೆ ಕೆಂಪು ಪದರ ಕಂಡಿತು. ಏಕೆ? ಈಗ ಏನು ಮಾಡಬೇಕು?'

ಉತ್ತರ: ತಲಾ 2 ಕಿಲೊ. ಎರಡನ್ನೂ ಬೇರೆ ಬೇರೆ 100 ಲೀಟರ್ ನೀರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿದು ಕದಡಬೇಕು. ಕೆಂಪು ಪದರ ಎಂದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಹಾಗೇ ಸಿಂಪಡಿಸಿದರೆ ಎಳೆಯ ಕಾಯಿ ಸುಡುತ್ತದೆ. ಪದರ ಬರುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಬೇಕು. ಅಂಕ ಹಂಚಿಕೆ: ಪ್ರಮಾಣಕ್ಕೆ 3, ಕ್ರಮಕ್ಕೆ 3, ಕಾರಣಕ್ಕೆ 2, ಪರಿಹಾರಕ್ಕೆ 2. ತೋಟದ ಮನೆಯ ಮಕ್ಕಳು ಇದನ್ನು ಕಂಡೇ ಬೆಳೆದಿರುತ್ತಾರೆ. ಪುಸ್ತಕ ಮಾತ್ರ ಓದಿದವರಿಗೂ ಅನ್ಯಾಯವಾಗದಂತೆ ಚಾಕುವಿನ ಪರೀಕ್ಷೆಯನ್ನು ಪ್ರಯೋಗ ತರಗತಿಯಲ್ಲಿ ಸೇರಿಸಿದ್ದೇವೆ.

ನಾಲ್ಕನೇ ವಾರ: ಸಾಧನೆಯ ಲೆಕ್ಕ

ವಿಭಾಗ ಒಪ್ಪಿಕೊಂಡ ಅಳತೆ: ಒಂದು ಸಿಒದ ಅಂಕದಲ್ಲಿ ಶೇ. 60 ಪಡೆದವರು ತರಗತಿಯ ಶೇ. 50 ಇದ್ದರೆ ಮಟ್ಟ 1, ಶೇ. 60 ಇದ್ದರೆ 2, ಶೇ. 70 ಇದ್ದರೆ 3.

ಅಂಕಪಟ್ಟಿಯ ಖಾಲಿ ಕೋಶವನ್ನು ಏನೆಂದು ಓದಬೇಕು ಎಂಬಲ್ಲಿ ಲೆಕ್ಕ ಜಾರುತ್ತದೆ. ಹಳೆಯ ಮಾದರಿಯಲ್ಲಿ 60 ಮಂದಿ ಕೂತಿದ್ದು, ಸಿಒ4ರ 10 ಅಂಕದ ಪ್ರಶ್ನೆಯನ್ನು 42 ಮಂದಿ ಮುಟ್ಟಿ, 27 ಮಂದಿ 6 ಅಥವಾ ಹೆಚ್ಚು ಪಡೆದರು ಎನ್ನಿ. 42ರಿಂದ ಭಾಗಿಸಿದರೆ ಶೇ. 64, ಮಟ್ಟ 2. 60ರಿಂದ ಭಾಗಿಸಿದರೆ ಶೇ. 45, ಯಾವ ಮಟ್ಟವೂ ಇಲ್ಲ. ಬಿಟ್ಟವರಿಗೆ ಪ್ರಶ್ನೆ ಬಾರದೆ ಇತ್ತೋ, ಬೇಡವಾಗಿತ್ತೋ ಗೊತ್ತಾಗದು. ಹಾಗಾಗಿ ಎರಡು ಸಂಖ್ಯೆಯೂ ನಂಬುವಂತಿಲ್ಲ.

ಹೊಸ ಮಾದರಿಯಲ್ಲಿ ಈ ಗೊಂದಲ ಇಲ್ಲ. 'ಅಥವಾ' ಜೋಡಿಗೆ ಒಂದೇ ಕಾಲಂ. ಎರಡನ್ನೂ ಬಿಟ್ಟವನಿಗೆ 0 ಎಂದು ತುಂಬಲೇಬೇಕು, ಗೈರಾದವನಿಗೆ ಮಾತ್ರ `AB`. ಸಿಒ4ರ ಮೊತ್ತ K ಕಾಲಂನಲ್ಲಿದೆ. ಸಿಒ4ಕ್ಕೆ 19 ಅಂಕ, ಅದರ ಶೇ. 60 ಎಂದರೆ 11.4:

```
=COUNTIF(K3:K62,">=11.4")/COUNT(K3:K62)
```

`COUNT` ಸಂಖ್ಯೆಗಳನ್ನಷ್ಟೇ ಎಣಿಸುವುದರಿಂದ `AB` ತಾನಾಗಿ ಹೊರಗುಳಿಯುತ್ತದೆ. ಆದರೆ K ಕಾಲಂನಲ್ಲಿ ಕೂಡುವಾಗ `SUM` ಬಳಸಿದರೆ ಗೈರಾದವನಿಗೂ 0 ಬಂದುಬಿಡುತ್ತದೆ, ಆ ಸಾಲುಗಳಲ್ಲಿ K ಕೋಶಕ್ಕೇ `AB` ಬರೆಯಿರಿ.

ಪ್ರತಿ ಸಿಒ ಇಡೀ ಪದವಿಯ ಫಲಿತಗಳಿಗೆ, ಅಂದರೆ ಪಿಒಗಳಿಗೆ, ಎಷ್ಟು ನೆರವಾಗುತ್ತದೆ ಎಂದು ತೋರಿಸುವ ಸಿಒ–ಪಿಒ ಕೋಷ್ಟಕವನ್ನೂ ತುಂಬಿಯಾಯಿತು. ಎಲ್ಲ ಕೋಶಕ್ಕೂ 3 ಹಾಕುವ ಆಸೆ ಬಿಟ್ಟು, ಅಂಕ ಕೊಡುವ ಪ್ರಶ್ನೆ ಅಥವಾ ಚಟುವಟಿಕೆ ತೋರಿಸಲಾಗದ ಕೋಶವನ್ನು ಖಾಲಿ ಬಿಟ್ಟಿದ್ದೇವೆ.

ಉಳಿದಿರುವುದು: ಸಿಒ5

ಇದನ್ನು ಮೂರು ಗಂಟೆಯ ಪರೀಕ್ಷೆಯಲ್ಲಿ ಅಳೆಯಲಾಗದು, ಅದಕ್ಕೇ ತೋಟದ ವರದಿ. ಒಂದು ಅಡಿಕೆ ತೋಟ ನೋಡಿ, ಅಲ್ಲಿಗೆ ಬೋರ್ಡೋ ಸಾಕೋ, ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವುದು ಒಳ್ಳೆಯದೋ ಆಯ್ದು, ಮಳೆ, ಕೂಲಿ, ಬಸಿಗಾಲುವೆಯ ಸ್ಥಿತಿ ನೋಡಿ ಸಮರ್ಥಿಸಬೇಕು. ತೊಂದರೆ ಪಂಚಾಂಗದ್ದು. ಪತ್ರಿಕೆ ಈಗ ಸಮ ಸೆಮಿಸ್ಟರಿನಲ್ಲಿದೆ, ಫೆಬ್ರವರಿಯಲ್ಲಿ ಯಾವ ತೋಟದಲ್ಲಿ ಕೊಳೆ ಸಿಕ್ಕೀತು? ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ. ಪತ್ರಿಕೆಯನ್ನು ಬೆಸ ಸೆಮಿಸ್ಟರಿಗೆ ಸರಿಸಿದರೆ ಎರಡನೇ ಸಿಂಪಡಣೆಯಾದರೂ ಕಣ್ಣಿಗೆ ಬೀಳುತ್ತದೆ, ಮಳೆ ರಜೆಗಳ ನಡುವೆ ಒಂದು ಒಣ ದಿನ ಹುಡುಕಬೇಕಷ್ಟೆ. ಸರಿಸಲು ಮಂಡಳಿ ಒಪ್ಪದಿದ್ದರೆ, ಬೆಳೆಗಾರರಿಂದ ಹಿಂದಿನ ಹಂಗಾಮಿನ ಸಿಂಪಡಣೆ ತಾರೀಕು ಮತ್ತು ಮಳೆ ಲೆಕ್ಕ ಪಡೆದು ಬರೆಯುವ ವರದಿಗೆ ಬೇರೆ ಅಂಕ ಹಂಚಿಕೆ ಬೇಕು. ಎರಡರ ಕರಡನ್ನೂ ಸಭೆಗೆ ಒಯ್ಯುತ್ತಿದ್ದೇವೆ.