ಮಳೆ ಬಂದ ರಾತ್ರಿ ಟ್ರಿಪ್ ಆಗುವ ಫೀಡರ್

ಸೇಡಂ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಎಲೆಕ್ಟ್ರಿಕಲ್ ಮೆಂಟೆನೆನ್ಸ್ ಕೆಲಸ ಮಾಡುತ್ತೇನೆ. ಈ ಮಳೆಗಾಲದಲ್ಲಿ ಕ್ರಷರ್‌ಗೆ ಹೋಗುವ 11 ಕೆವಿ ಫೀಡರ್ ಎರಡು ವಾರದಲ್ಲಿ ನಾಲ್ಕು ಸಲ ಟ್ರಿಪ್ ಆಯಿತು. ನಾಲ್ಕೂ ಸಲ ರಿಲೇ ತೋರಿಸಿದ್ದು ಅರ್ಥ್ ಫಾಲ್ಟ್. ಅಂದರೆ ಲೋಡ್ ಜಾಸ್ತಿಯಾದದ್ದಲ್ಲ, ಎಲ್ಲೋ ಕರೆಂಟ್ ಭೂಮಿಗೆ ಸೋರುತ್ತಿದೆ.

ಮೊದಲ ಸಲ ಮಧ್ಯಾಹ್ನದ ಬಿಸಿಲಲ್ಲಿ, ಇನ್ಸುಲೇಷನ್ ರೆಸಿಸ್ಟೆನ್ಸ್ ಅಳೆಯುವ 1 ಕೆವಿ ಮೆಗ್ಗರ್ ಹಾಕಿ ನೋಡಿದೆ. ರೀಡಿಂಗ್ ಚೆನ್ನಾಗಿತ್ತು. ಮತ್ತೆ ಕರೆಂಟ್ ಕೊಟ್ಟು ಚಾರ್ಜ್ ಮಾಡಿದೆ, ರಿಪೋರ್ಟಿನಲ್ಲಿ 'ಕಾರಣ ಸಿಗಲಿಲ್ಲ' ಎಂದು ಬರೆದೆ. ಅದು ನನ್ನ ತಪ್ಪು.

ದಾರಿ ತೋರಿಸಿದ್ದು ರಾತ್ರಿ ಪಾಳಿಯ ಆಪರೇಟರ್. "ಸರ, ಮಳಿ ಬಂದ ರಾತ್ರಿನೇ ಇದು ಬೀಳ್ತದರಿ" ಎಂದರು. ಲಾಗ್ ಬುಕ್ ತೆರೆದು ನಾಲ್ಕೂ ಟ್ರಿಪ್‌ಗಳ ಹೊತ್ತು ನೋಡಿದೆ. ಅವರು ಹೇಳಿದ್ದು ನಿಜ. ಒಣಗಿದಾಗ ಸುಮ್ನಿರುತ್ತದೆ, ನೆನೆದಾಗ ಬೀಳುತ್ತದೆ.

ಮುಂದಿನ ಮಳೆಯ ಬೆಳಗ್ಗೆಯೇ ಪರ್ಮಿಟ್ ತಗೊಂಡೆ. ಫೀಡರ್ ಐಸೋಲೇಟ್ ಮಾಡಿ, ಅರ್ಥ್ ಮಾಡಿ, ಎರಡೂ ತುದಿ ಬಿಚ್ಚಿದೆವು. ಈ ಸಲ 5 ಕೆವಿ ಮೆಗ್ಗರ್. ವೈ ಮತ್ತು ಬಿ ಫೇಸ್‌ಗಳಲ್ಲಿ ರೀಡಿಂಗ್ ಗಿಗಾ ಓಮ್ ದಾಟಿತು. ಆರ್ ಫೇಸ್ ಬರೀ 2 ಮೆಗಾ ಓಮ್. ಮೋಟರ್, ಟ್ರಾನ್ಸ್‌ಫಾರ್ಮರ್ ಎರಡೂ ಬಿಚ್ಚಿದ್ದವು, ಹಾಗಾಗಿ ದೋಷ ಕೇಬಲಿನದೇ.

ಕೇಬಲ್ 640 ಮೀಟರ್ ಉದ್ದ. ಟೆಸ್ಟಿಂಗ್‌ನವರು ಮೊದಲು ಚಿಕ್ಕ ಪಲ್ಸ್ ಕಳಿಸಿ ನೋಡಿದರು. ಏನೂ ಸಿಗಲಿಲ್ಲ. ರೆಸಿಸ್ಟೆನ್ಸ್ ಇಷ್ಟು ಇದ್ದಾಗ ಕಡಿಮೆ ವೋಲ್ಟಿನ ಪಲ್ಸ್ ಆ ಜಾಗವನ್ನು ಗುರುತಿಸದೆ ದಾಟಿಬಿಡುತ್ತದೆ. ಆಮೇಲೆ ಸರ್ಜ್ ಜನರೇಟರ್ ಹಚ್ಚಿ, ಕೆಲವು ಸೆಕೆಂಡಿಗೊಮ್ಮೆ 8 ಕೆವಿ ಹೊಡೆತ ಕೊಟ್ಟರು. ದೋಷದ ಜಾಗದಿಂದ ಬರುವ ಸದ್ದು ಕೇಳಲು ನಾನು ಮೈಕ್ ಹಿಡಿದು ಕೇಬಲಿನ ದಾರಿಯಲ್ಲಿ ನಡೆದೆ. ಚರಂಡಿ ಪಕ್ಕದಲ್ಲಿ ಧಪ್, ಧಪ್ ಎಂದು ಸದ್ದು ಜೋರಾಯಿತು. ಕಾಲಿಗೂ ಸಣ್ಣಗೆ ತಟ್ಟಿತು. ಹಳೇ ಡ್ರಾಯಿಂಗ್ ಪ್ರಕಾರ ಅಲ್ಲೊಂದು ಜಾಯಿಂಟ್ ಇತ್ತು, ಗುರುತಿನ ಕಲ್ಲು ಮಾತ್ರ ಇರಲಿಲ್ಲ.

ಮತ್ತೆ ಅರ್ಥ್ ಮಾಡಿ ಸುಮಾರು ಮೂರು ಅಡಿ ಅಗೆದೆವು. ಜಾಯಿಂಟಿನ ಹೊರ ಸ್ಲೀವ್ ಒಂದು ತುದಿಯಲ್ಲಿ ಬಿಟ್ಟುಕೊಂಡಿತ್ತು. ಕೊಯ್ದಾಗ ನೀರು ತೊಟ್ಟಿಕ್ಕಿತು. ಆರ್ ಫೇಸಿನ ಇನ್ಸುಲೇಷನ್ ಮೇಲೆ ಮರದ ಬೇರಿನಂಥ ಕಪ್ಪು ಗೆರೆ.

ಸುತ್ತ ಮರಳೇ ಇರಲಿಲ್ಲ, ಬರೀ ಎರೆಮಣ್ಣು. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಕೇಬಲ್ ಹಾಕಿದಾಗ ಜಾಯಿಂಟಿನ ಬಳಿ ಸಡಿಲವೂ ಬಿಟ್ಟಿರಲಿಲ್ಲ. ಮಣ್ಣು ಎಳೆದೆಳೆದು ಸ್ಲೀವ್ ಬಿಟ್ಟಿರಬೇಕು. ಇದು ನನ್ನ ಅಂದಾಜು, ರಿಪೋರ್ಟಿನಲ್ಲೂ ಅಂದಾಜು ಎಂದೇ ಬರೆದೆ. ನೀರು ಹೊಕ್ಕಿದ್ದು ಮಾತ್ರ ಕಣ್ಣಾರೆ ಕಂಡದ್ದು.

ನೀರು ತಂತಿಯ ಎಳೆಗಳ ನಡುವೆಯೂ ಓಡುತ್ತದೆ. ಅದಕ್ಕೇ ಎರಡೂ ಕಡೆ ಒಣ ತಂತಿ ಸಿಗುವವರೆಗೆ ಕತ್ತರಿಸಿದೆವು. ನಡುವೆ ಹೊಸ ತುಂಡು ಸೇರಿಸಿ ಎರಡು ಜಾಯಿಂಟ್ ಹಾಕಿದೆವು. ಸಡಿಲ ಬಿಟ್ಟು, ಮರಳು ತುಂಬಿ, ಕಲ್ಲು ನೆಟ್ಟೆವು. ಟೆಸ್ಟ್ ಪಾಸಾದ ಮೇಲೆ ಚಾರ್ಜ್ ಮಾಡಿದೆವು.

ಅದೇ ಚರಂಡಿ ಪಕ್ಕ ಇನ್ನೆರಡು ಫೀಡರ್‌ಗಳ ಜಾಯಿಂಟ್‌ಗಳಿವೆ. ಅವುಗಳ ಕೇಬಲ್‌ಗಳಿಗೆ ಮಳೆಯ ಮರುದಿನವೇ 5 ಕೆವಿ ಮೆಗ್ಗರ್ ಹಾಕಬೇಕು, ಬಿಸಿಲಲ್ಲಿ ಬೇಡ ಎಂದು ಕೊನೆಯ ಸಾಲಿನಲ್ಲಿ ಬರೆದು ಸಹಿ ಹಾಕಿದೆ.