ಹಿಡಿಗೆ 150 ಕ್ಯಾಲೊರಿ

ದೇವರಾಜ ಮಾರ್ಕೆಟ್ಟಿಂದ ಡ್ರೈಫ್ರೂಟ್ಸ್ ತಂದು ತೂಕ ಹಾಕ್ತಾ ಕೂತಿದೀನಿ, ಬೇಕಿರೋದು 30 ಗ್ರಾಂ ಹಿಡಿಗೆ 150 ಕ್ಯಾಲೊರಿ. ಬಾದಾಮಿ, ಕುಂಬಳಬೀಜ ಎರಡೂ ಗ್ರಾಮಿಗೆ ಹತ್ರಹತ್ರ 5.7 ಕ್ಯಾಲೊರಿ, ಒಣದ್ರಾಕ್ಷಿ ಬರೀ 3, ಅಂದ್ರೆ ಮುಕ್ಕಾಲು ಪಾಲು ಬೀಜ ಕಾಲು ಪಾಲು ದ್ರಾಕ್ಷಿ ಹಾಕಿದ್ರೆ ಲೆಕ್ಕ ಸರಿಹೋಗುತ್ತೆ. ಬಾದಾಮಿ 150 ಗ್ರಾಂ, ಕುಂಬಳಬೀಜ 75, ದ್ರಾಕ್ಷಿ 75, ಒಟ್ಟು 1500 ಚಿಲ್ರೆ, ಹತ್ತು ಹಿಡಿ.

ಎಲ್ಲಾ ಒಂದೇ ಡಬ್ಬಿಗೆ ಸುರಿದ್ರೆ ಮಾತ್ರ ಕೆಡ್ತು, ಸಣ್ಣ ಬೀಜ ತಳ ಸೇರುತ್ತೆ, ದ್ರಾಕ್ಷಿ ಅಂಟ್ಕೊಂಡು ಉಂಡೆ ಆಗುತ್ತೆ, ಹಿಡಿ ಪೂರ್ತಿ ದ್ರಾಕ್ಷಿನೇ ಬಂದ್ರೆ 90 ಅಷ್ಟೇ. ಅದಕ್ಕೇ ಒಂದೊಂದು ಕವರಿಗೂ ಬೇರೆಬೇರೆ ತೂಗೋದು, ಬಾದಾಮಿ 15, ಉಳಿದೆರಡರಲ್ಲಿ ಒಂದು 7 ಇನ್ನೊಂದು 8, ಯಾವುದು ಎಷ್ಟಾದ್ರೂ ಮೂರು ಕ್ಯಾಲೊರಿನೂ ವ್ಯತ್ಯಾಸ ಆಗಲ್ಲ.

ಹಿಡಿ ಅನ್ನೋದೇ ಎಂಥ ಅಳತೆನೋ, ಅತ್ತೆ ಬಂದು ಒಂದು ಹಿಡಿ ತಗೊಂಡ್ರು, ತೂಗಿದ್ರೆ 42 ಗ್ರಾಂ, 210 ಕ್ಯಾಲೊರಿ!