302ರ ಬಚ್ಚಲು ಮತ್ತು ನನ್ನ ಕೊನೆಯ ಭಾಷಣ

ಹೋದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಜನರಲ್ ಬಾಡಿ ಮೀಟಿಂಗ್ ಇತ್ತು. ಬೆಂಗಳೂರಿನ ಎಲ್ಲ ಅಪಾರ್ಟ್‌ಮೆಂಟುಗಳ ಹಾಗೆ ನಮ್ಮದೂ ಪಾರ್ಕಿಂಗ್‌ನಲ್ಲೇ ನಡೆಯುವುದು. ನಾಲ್ಕು ಕಾರು ಹೊರಗೆ ಹೋದವು, ಆ ಜಾಗಕ್ಕೆ ಪ್ಲಾಸ್ಟಿಕ್ ಕುರ್ಚಿ ಬಂದವು. 24 ಮನೆಗಳಲ್ಲಿ 17 ಮನೆಯವರು ಬಂದಿದ್ದರು. ಉದ್ದಿನ ವಡೆ ಇದೆ ಅಂತ ಮೊದಲೇ ತಿಳಿಸಿದ್ದೆವು, ಅದಕ್ಕೇ ಇರಬೇಕು.

ಮೂರು ವರ್ಷ ಸೆಕ್ರೆಟರಿಯಾಗಿದ್ದೆ. ಹೊಸ ಕಮಿಟಿಗೆ ಲೆಕ್ಕ ಒಪ್ಪಿಸಿ ನಾಲ್ಕು ಮಾತು ಹೇಳಬೇಕಿತ್ತು. ಎರಡು ಹಾಳೆ ಬರೆದುಕೊಂಡು ಹೋಗಿದ್ದೆ. ಲಿಫ್ಟಿನ ರೋಪ್ ಬದಲಾಯಿಸಿದ್ದು, ಸಂಪ್ ತೊಳೆಸಿದ್ದು, ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದ್ದು, ಇವನ್ನೆಲ್ಲ ಎರಡು ನಿಮಿಷದಲ್ಲಿ ಓದಿ ಮುಗಿಸಿದೆ. ಬಿಲ್ಲುಗಳೆಲ್ಲ ಫೈಲಿನಲ್ಲಿವೆ, ಬೇಕಾದವರು ನೋಡಬಹುದು. ಉಳಿದ ಹಾಳೆಯಲ್ಲಿ ಒಂದೇ ವಿಷಯ ಇತ್ತು: 202ರ ಬಚ್ಚಲ ತಾರಸಿಯಲ್ಲಿ ತೊಟ್ಟಿಕ್ಕಿದ ನೀರು.

ಜೂನ್ ತಿಂಗಳಲ್ಲಿ 202ರ ಮೇಡಂ ನನ್ನನ್ನು ಕರೆದು ತೋರಿಸಿದರು. ಬಚ್ಚಲ ತಾರಸಿಯಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಕಂದು ಕಲೆ. ನಡುವೆ ಒಂದೊಂದೇ ಹನಿ. ಪ್ಲಂಬರ್ ಬಂದ, ಕತ್ತೆತ್ತಿ ನೋಡಿದ, "ಮೇಲಿನ ಮನೆಯ ಟ್ರ್ಯಾಪ್ ಹೋಗಿದೆ ಸರ್" ಅಂದ. ಐದು ನಿಮಿಷದ ಕೆಲಸ. ಅವನದೇ ತಪ್ಪು ಅನ್ನುವ ಹಾಗಿಲ್ಲ. ಇಂಥ ಸೋರಿಕೆ ಜಾಸ್ತಿ ಆಗುವುದು ಬಚ್ಚಲ ನೀರು ಹೋಗುವ ಆ ಟ್ರ್ಯಾಪಿನ ಜಾಯಿಂಟಿನಲ್ಲೇ. ಕಲೆಯೂ ಸರಿಯಾಗಿ ಅದರ ಕೆಳಗೇ ಇತ್ತು. ಅವತ್ತು ರಾತ್ರಿಯೇ ನಾನು ಗ್ರೂಪಿನಲ್ಲಿ ಮೆಸೇಜ್ ಹಾಕಿದೆ: "302ರ ಬಚ್ಚಲಿನಿಂದ ಸೋರಿಕೆ. ಮನೆಯ ಒಳಗಿನ ದುರಸ್ತಿ ಮಾಲೀಕರ ಖರ್ಚು. 15 ದಿನದಲ್ಲಿ ಸರಿಪಡಿಸಬೇಕು."

302ರವರು ಜಗಳ ಆಡಲಿಲ್ಲ. ಟೈಲ್ಸ್ ಒಡೆಸಿದರು, ಟ್ರ್ಯಾಪ್ ಬದಲಾಯಿಸಿದರು, ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಹಾಕಿಸಿ ಹೊಸ ಟೈಲ್ಸ್ ಕೂರಿಸಿದರು. 46,000 ರೂಪಾಯಿ ಖರ್ಚಾಯಿತು. ಹತ್ತು ದಿನ ಮನೆಯವರೆಲ್ಲ ಒಂದೇ ಬಚ್ಚಲಿನಲ್ಲಿ ಸಾಲುಗಟ್ಟಿದರು. ಕಲೆ ಒಣಗಿತು. ಆಗಸ್ಟಿನಲ್ಲಿ ಎರಡು ದಿನ ಜೋರು ಮಳೆ ಬಂತು. ಕಲೆ ಮತ್ತೆ ಅಲ್ಲೇ ಹಾಜರ್.

ಆಗಲೂ ನನಗೆ ಹೊಳೆಯಲಿಲ್ಲ. "ಕೆಲಸ ಸರಿಯಾಗಿ ಮಾಡಿಸಿಲ್ಲ" ಅಂತ ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

ಹಬ್ಬಕ್ಕೆ 302ರವರು ಊರಿಗೆ ಹೋದರು. ಹೋಗುವಾಗ ಮನೆಯ ಮೇನ್ ವಾಲ್ವ್ ಮುಚ್ಚಿ, ಅದರ ಫೋಟೊ ತೆಗೆದು ನನಗೆ ಕಳಿಸಿದರು. ಫೋಟೊದ ಕೆಳಗೆ ಒಂದು ಮಾತೂ ಇರಲಿಲ್ಲ. ಮೊದಲ ನಾಲ್ಕು ದಿನ ಬಿಸಿಲು, ತೊಟ್ಟಿಕ್ಕುವುದು ನಿಂತೇಹೋಯಿತು. ಐದನೆಯ ರಾತ್ರಿ ಮಳೆ. ಮಾರನೆಯ ದಿನ 202ರ ಬಕೆಟ್ಟಿನಲ್ಲಿ ನೀರು. ಮೇಲೆ ಯಾರೂ ಇಲ್ಲ, ನಲ್ಲಿಯಲ್ಲಿ ನೀರಿಲ್ಲ, ಆದರೂ ಸೋರುತ್ತಿದೆ. ಮೂರನೆಯ ಮಹಡಿಗೆ ಟೆರೇಸ್ ನೀರು ನೇರ ಇಳಿಯುವುದಕ್ಕೂ ಆಗುವುದಿಲ್ಲ, ನಡುವೆ 402 ಒಣಗಿ ಕೂತಿದೆ.

ಉಳಿದದ್ದು ಡಕ್ಟ್. ಬಚ್ಚಲುಗಳ ಹಿಂದೆ ಪೈಪುಗಳು ಇಳಿಯುವ ಆ ಕಿರಿದಾದ ಕಿಂಡಿ. ಟೆರೇಸಿನ ಮಳೆನೀರಿನ ಪೈಪೂ ಅದರಲ್ಲೇ ಇಳಿಯುತ್ತದೆ. ನಾನು ಮೇಲೆ ನಿಂತು ಆ ಪೈಪಿನ ಬಾಯಿಗೆ ಅರ್ಧ ಗಂಟೆ ಹೋಸ್ ನೀರು ಬಿಟ್ಟೆ. ಪ್ಲಂಬರ್ 402ರ ಬಚ್ಚಲ ಕಿಟಕಿಯಿಂದ ಟಾರ್ಚ್ ಬಿಟ್ಟು ಕೆಳಗೆ ನೋಡಿದ. 302ರ ಮಟ್ಟದಲ್ಲಿ ಪೈಪಿನ ಜಾಯಿಂಟ್ ಬಾಯಿ ಬಿಟ್ಟಿತ್ತು. ನೀರು ಗೋಡೆಗೆ ಚಿಮ್ಮಿ, 302ರ ಬಚ್ಚಲ ಪೈಪು ಹೊರಗೆ ಬರುವ ತೂತಿನ ಸುತ್ತಲಿನ ಸಂದಿಯಲ್ಲಿ ಒಳಗೆ ಹೋಗುತ್ತಿತ್ತು.

ಇಲ್ಲಿ ನಾನು ಮೀಟಿಂಗಿನಲ್ಲಿ ಹಾಳೆ ಮಡಚಿಟ್ಟು, ಕೈಯಲ್ಲೇ ಚಿತ್ರ ಬರೆದು ತೋರಿಸಿದೆ. ನಮ್ಮ ಬಚ್ಚಲುಗಳ ನೆಲ ಉಳಿದ ಮನೆಗಿಂತ ಸುಮಾರು ಒಂದು ಅಡಿ ತಗ್ಗಿಗೆ ಕಟ್ಟಿರುತ್ತಾರೆ. ಆ ಗುಂಡಿಯಲ್ಲಿ ಪೈಪು ಮಲಗಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್. ಅಂದರೆ ಪ್ರತಿ ಬಚ್ಚಲ ಕೆಳಗೂ ಒಂದು ಮುಚ್ಚಿದ ತೊಟ್ಟಿ ಇದೆ. ಐದಡಿಗೆ ಎಂಟಡಿ ಬಚ್ಚಲಾದರೆ, ಚೂರುಗಳ ಸಂದಿಯಲ್ಲೇ ನೂರಾರು ಲೀಟರ್ ನೀರು ನಿಲ್ಲಬಹುದು. ನೀರು ಯಾವ ಕಡೆಯಿಂದ ಬಂದರೂ ಅಲ್ಲೇ ಸೇರುತ್ತದೆ, ಸ್ಲ್ಯಾಬಿನಲ್ಲಿ ಕಾಂಕ್ರೀಟು ಎಲ್ಲಿ ಸಡಿಲವೋ ಅಲ್ಲಿ ಇಳಿಯುತ್ತದೆ. ಟ್ರ್ಯಾಪಿನ ಕೆಳಗೆ ಕಲೆ ಇದ್ದರೆ ತೊಟ್ಟಿಯಲ್ಲಿ ನೀರಿದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಎಲ್ಲಿಂದ ಬಂತು ಅನ್ನುವುದನ್ನು ಕಲೆ ಹೇಳುವುದಿಲ್ಲ. 302ರವರು ಮೇಲಿನಿಂದ ಮುಚ್ಚಿದರು, ನೀರು ಪಕ್ಕದಿಂದ ಬರುತ್ತಿತ್ತು.

ಅದಕ್ಕೇ ಹೊಸ ಕಮಿಟಿಗೆ ಹೇಳಿದ್ದು ಇಷ್ಟು. ಯಾರದೇ ಮನೆ ಸೋರಿದರೂ ಮೊದಲು ವಾಲ್ವ್ ಮುಚ್ಚಿ ನೋಡಿ. ಒಂದು ರಾತ್ರಿ ಸಾಲದು, ತೊಟ್ಟಿಯ ನೀರು ಖಾಲಿಯಾಗಲು ಮೂರು ನಾಲ್ಕು ದಿನ ಬೇಕು. ಆಮೇಲೆ ಟ್ರ್ಯಾಪಿನ ಬಾಯಿಗೆ ಬಟ್ಟೆ ತುರುಕಿ, ಎರಡು ಇಂಚು ಬಣ್ಣದ ನೀರು ನಿಲ್ಲಿಸಿ ಎರಡು ದಿನ ಕಾಯಿರಿ. ಕೆಳಗೆ ಬಣ್ಣ ಬಂದರೆ ಮೇಲಿನ ಮನೆಯದೇ. ಬರದಿದ್ದರೆ ಅವರದಲ್ಲ ಅಂತ ತೀರ್ಮಾನಿಸಬೇಡಿ, ಇಟ್ಟಿಗೆ ಚೂರು ಬಣ್ಣ ಹಿಡಿದುಕೊಂಡಿರಬಹುದು. ಜೊತೆಗೆ ಮಳೆ ಬಂದ ದಿನ, ಹನಿ ಬಿದ್ದ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ. ನಾನು ಜೂನಿನಲ್ಲೇ ಇದನ್ನು ಬರೆದಿಟ್ಟಿದ್ದರೆ ಟೈಲ್ಸ್ ಒಡೆಯುವ ಕೆಲಸವೇ ಇರುತ್ತಿರಲಿಲ್ಲ.

ಡಕ್ಟ್ ಪೈಪು ಎಲ್ಲರದು, ಹಾಗಾಗಿ ಅಸೋಸಿಯೇಷನ್ ಖರ್ಚು. ಹಗ್ಗದಲ್ಲಿ ಆಳು ಇಳಿಸಿ, ಎರಡು ತುಂಡು ಪೈಪು ಬದಲಾಯಿಸಿ, ಆ ತೂತಿನ ಸುತ್ತ ಮುಚ್ಚಿಸಿದ್ದಕ್ಕೆ 7,500 ರೂಪಾಯಿ. ಜಗಳ ಶುರುವಾಗಿದ್ದು 302ರ 46,000ಕ್ಕೆ. "ಹೊಸ ಬಚ್ಚಲು ಸಿಕ್ಕಿತಲ್ಲ, ಅರ್ಧ ಕೊಡೋಣ" ಅಂದರು ಕೆಲವರು. ಮೂರು ಮೀಟಿಂಗ್ ಆದ ಮೇಲೆ 30,000ಕ್ಕೆ ಒಪ್ಪಿದರು. ನನ್ನ ಪ್ರಕಾರ ಪೂರ್ತಿ ಕೊಡಬೇಕಿತ್ತು. ಇದನ್ನೂ ಭಾಷಣದಲ್ಲಿ ಹೇಳಿದೆ. ಇಬ್ಬರು ವಡೆ ತಟ್ಟೆ ನೋಡಿಕೊಂಡು ಕೂತರು.

ಆಮೇಲೆ ಹಸ್ತಾಂತರ. ಹೊಸ ಸೆಕ್ರೆಟರಿ 104ರ ಹುಡುಗಿ. ಬೀಗದ ಕೈಗಳು, ಮಿನಿಟ್ಸ್ ಪುಸ್ತಕ, ಯಾವ ವಾಲ್ವ್ ಯಾವ ಮನೆಯದು ಅಂತ ನಾನೇ ಬರೆದ ನಕ್ಷೆ, ಎಲ್ಲ ಕೊಟ್ಟೆ. ಬ್ಯಾಂಕಿನಲ್ಲಿ ಸಹಿ ಬದಲಾಗುವವರೆಗೆ ನನ್ನ ಸಹಿಯೇ ನಡೆಯುತ್ತದೆ, ಕರೆಂಟ್ ಬಿಲ್ಲು ಬಂದರೆ ಹೇಳಮ್ಮ ಅಂದೆ. "ಸರಿ ಅಂಕಲ್" ಅಂದಳು.

ಕುರ್ಚಿ ಎತ್ತುವ ಹೊತ್ತಿಗೆ 302ರವರು ಹತ್ತಿರ ಬಂದರು. ಎಷ್ಟೋ ತಿಂಗಳ ಮೇಲೆ ಮಾತಾಡುತ್ತಿದ್ದರು.

"ಒಳ್ಳೆಯದಾಯ್ತು ಸರ್, ಹೇಳಿದಿರಿ. ಆದರೆ ಇವತ್ತು 17 ಮನೆಯವರು ಮಾತ್ರ ಕೇಳಿದರು. ಅವತ್ತು ಗ್ರೂಪಲ್ಲಿ ಹಾಕಿದ್ದಿರಿ, ಅಲ್ವಾ?"

ಮೇಲೆ ಬಂದು ಸೋಫಾದಲ್ಲಿ ಕೂತೆ. ಗ್ರೂಪಿನ ಅಡ್ಮಿನ್ ಕೆಲಸ ಬಿಡುವ ಮೊದಲು ಟೈಪ್ ಮಾಡಿದೆ: "ಜೂನ್ ತಿಂಗಳ ಸೋರಿಕೆ 302ರ ಬಚ್ಚಲಿನಿಂದ ಆಗಿರಲಿಲ್ಲ. ಡಕ್ಟ್‌ನ ಮಳೆನೀರಿನ ಪೈಪಿನಿಂದ ಆಗಿತ್ತು. ಪರೀಕ್ಷಿಸದೆ ಮೆಸೇಜ್ ಹಾಕಿದ್ದು ನನ್ನ ತಪ್ಪು." ನಡುವೆ "ಪ್ಲಂಬರ್ ಹೇಳಿದ್ದರಿಂದ" ಅಂತ ಸೇರಿಸಿದ್ದೆ. ಅದನ್ನು ಅಳಿಸಿ ಕಳಿಸಿದೆ.